ಅಪ್ಪಾಜಿಯ ಬಿಲ್ಲು

ಅಪ್ಪಾಜಿ ತೀರಿಕೊಂಡು ಎರಡು ವರ್ಷ ಆದಮೇಲೆ ಅವರ ಬಿಲ್ಲನ್ನು ಅಟ್ಟದಿಂದ ಇಳಿಸಿದೆ. ದಾವಣಗೆರೆಯ ಬಿಸಿಲಿಗೆ ಕಾದ ಅಟ್ಟ ಅದು. ಅವರು ಹೆದೆ ಬಿಚ್ಚಿಟ್ಟಿದ್ದರಿಂದ ಬಿಲ್ಲಿನ ಎರಡು ತೋಳುಗಳು, ಅಂದರೆ ಲಿಂಬ್‌ಗಳು, ತಿರುಚಿರಲಿಲ್ಲ. ಆದರೂ ಕೋಚ್ ಸರ್ ತಕ್ಷಣ ಎಳೆಯಲು ಬಿಡಲಿಲ್ಲ. ಎರಡೂ ಲಿಂಬ್‌ಗಳ ಮೇಲೆ ಹತ್ತಿ ಸವರಿಸಿದರು. ಸೀಳು ಇದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಲಿಲ್ಲ. ಹಳೆಯ ಮರದ ಬಿಲ್ಲು ಅಂತ ಸ್ವಲ್ಪ ಹಿಗ್ಗುವ ಡೆಕ್ರಾನ್ ಹೆದೆಯನ್ನೇ ಹಾಕಿದೆವು. ಈಗಿನ ಹಿಗ್ಗದ ಹೆದೆಯ ಪೆಟ್ಟನ್ನು ಆ ತುದಿಗಳು ತಡೆಯುವುದಿಲ್ಲ.

ಆಮೇಲೆ ಶುರುವಾದದ್ದು ನಿಜವಾದ ಕಷ್ಟ. ಬಾಣಗಳೆಲ್ಲ ಎಡಕ್ಕೇ ಹೋಗುತ್ತಿದ್ದವು. ಬೆರಳು ಬಿಡುವುದರಲ್ಲೇ ತಪ್ಪಿದೆ ಅಂದುಕೊಂಡು ಒಂದು ತಿಂಗಳು ಕಳೆದೆ. ಕೊನೆಗೆ ಸರ್ ಗರಿ ಕಿತ್ತ ಒಂದು ಬಾಣವನ್ನು ಹದಿನೆಂಟು ಮೀಟರ್‌ನಿಂದ ಬಿಡಿಸಿದರು. ಅದು ಗರಿ ಇರುವ ಬಾಣಗಳಿಗಿಂತ ಒಂದು ಮೊಳ ಎಡಕ್ಕೆ ನಾಟಿತು.

"ತಪ್ಪು ನಿಂದಲ್ಲ ಕಣಮ್ಮ, ಬಾಣ ನಿನಗೆ ಗಡುಸು" ಅಂದರು.

ಲಿಂಬ್ ಮೇಲೆ ಬರೆದಿದ್ದ 30 ಪೌಂಡ್, 28 ಇಂಚು ಎಳೆದಾಗಿನ ಲೆಕ್ಕ. ಅಪ್ಪಾಜಿ ಅಷ್ಟು ಎಳೆಯುತ್ತಿದ್ದರು. ನನ್ನ ಎಳೆತ 26 ಇಂಚು. ಇಂಚಿಗೆ ಸುಮಾರು ಎರಡು ಪೌಂಡ್ ಕಡಿಮೆಯಾದರೆ ನನ್ನ ಕೈಗೆ ಬರುವುದು 26 ಪೌಂಡ್. ಅಷ್ಟು ಬಲಕ್ಕೆ ಅವರ ಅಲ್ಯೂಮಿನಿಯಂ ಬಾಣ ಬೇಕಾದಷ್ಟು ಬಾಗುತ್ತಿರಲಿಲ್ಲ. ಬಲಗೈಯವರಿಗೆ ಬಾಗದ ಬಾಣ ಎಡಕ್ಕೆ ಹೋಗುತ್ತದೆ. ಹೊಸ ಬಾಣಕ್ಕೆ ದುಡ್ಡಿರಲಿಲ್ಲ. ಮೊನೆಗಳನ್ನು ಮೆಲ್ಲಗೆ ಬಿಸಿ ಮಾಡಿ ಕಿತ್ತು, ಹೆಚ್ಚು ತೂಕದ ಮೊನೆ ಕೂರಿಸಿದೆವು. ಮೊನೆ ಭಾರವಾದರೆ ಬಾಣ ಹೆಚ್ಚು ಬಾಗುತ್ತದೆ. ಗರಿ ಇಲ್ಲದ ಬಾಣ ಈಗ ಉಳಿದವುಗಳ ಪಕ್ಕದಲ್ಲೇ, ನಾಲ್ಕು ಬೆರಳು ದೂರದಲ್ಲಿ ನಾಟಿತು.

ಚಿತ್ರದುರ್ಗದಲ್ಲಿ ನನ್ನ ಮೊದಲ ಪಂದ್ಯ. ಮೂವತ್ತು ಮೀಟರ್, 36 ಬಾಣ. ಆಷಾಢದ ಗಾಳಿ. ಜೋಗಿಮಟ್ಟಿ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರಗಳು ಒಂದೇ ಸಮ ತಿರುಗುತ್ತಿದ್ದವು. ಕೊನೆಯ ಆರು ಬಾಣ ಉಳಿದಾಗ ಮೊದಲ ಎರಡೂ ನಡುವಿನ ಹಳದಿ ಬಿಟ್ಟು ಎಡಕ್ಕೆ, ಕೆಂಪಿಗೆ ಹೋದವು. ಎದೆ ಧಸಕ್ ಅಂತು. ಮತ್ತೆ ಹಳೆಯ ರೋಗವಾ? ಆದರೆ ಬೆಳಗಿನಿಂದ ಇದೇ ಬಾಣಗಳು ನಡುವೆ ಬೀಳುತ್ತಿದ್ದವು. ಗುಡ್ಡ ಬಿಟ್ಟು ಗುರಿಹಲಗೆಯ ಮೇಲಿನ ಪುಟ್ಟ ಬಾವುಟ ನೋಡಿದೆ. ಎಡಕ್ಕೆ ಬಿಗಿಯಾಗಿ ಚಾಚಿತ್ತು. ತಪ್ಪು ಬಿಲ್ಲಿನದಲ್ಲ, ಗಾಳಿಯದು. ಬಿಲ್ಲಿನ ಮೇಲೆ ಗುರಿ ನೋಡುವ ಸೈಟ್ ಮುಟ್ಟಲಿಲ್ಲ. ಹಳದಿ ಮುಗಿದು ಕೆಂಪು ಶುರುವಾಗುವ ಬಲ ಅಂಚಿಗೆ ಗುರಿಯಿಟ್ಟು ಉಳಿದ ನಾಲ್ಕನ್ನೂ ಬಿಟ್ಟೆ. ನಾಲ್ಕೂ ಹಳದಿಯಲ್ಲಿ. ಎರಡು ಅಂಕದಿಂದ ಗೆದ್ದೆ.

ಸಂಜೆ ಅವ್ವ ಬಿಲ್ಲನ್ನು ಕೈಗೆ ತಗೊಂಡಳು. ಮೊದಲ ಸಲ. ಹೆದೆಯನ್ನು ಒಂದು ಗೇಣು ಎಳೆದಳು.

"ಬಾಣ ಇಲ್ಲದೆ ಬಿಡಬ್ಯಾಡವ್ವಾ, ಲಿಂಬ್ ಮುರೀತತಿ!" ಅಂತ ಕೂಗಿದೆ.

"ಗೊತ್ತೈತಿ. ನಿಮ್ಮಪ್ಪಾಜಿನೂ ಹಿಂಗ ಬೈತಿದ್ರು" ಅಂದಳು. ಆಮೇಲೆ ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ತಂದು ನಿಲ್ಲಿಸಿದಳು.