ಒಂದೇ ಪಟ್ಟಿಗೆ ಕೂತು ಮುಗಿಸಿದ ಆಟಗಳು

2013ರಲ್ಲಿ ಬಂದ 'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್' ಗೇಮನ್ನು ನಾನು ಎರಡು ಸಲ ಶುರು ಮಾಡಿದ್ದೇನೆ. ಮೊದಲ ಸಲ ಅರ್ಧಕ್ಕೆ ಬಿಟ್ಟೆ. ಎರಡನೇ ಸಲ ಮುಗಿಸಿದೆ, ಮುಗಿಸುವಾಗ ಅತ್ತೆ. ಗೇಮ್ ಅದೇ, ಆಡಿದ್ದೂ ನಾನೇ. ಏನು ಬದಲಾಯಿತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ಈ ಗೇಮಿನ ಮುಕ್ತಾಯವನ್ನೂ ಹೇಳುತ್ತೇನೆ. ನೀವೇ ಆಡಿ ತಿಳಿಯಬೇಕು ಅಂದರೆ ಕೊನೆಯ ಮೂರು ಪ್ಯಾರಾ ಓದಬೇಡಿ.

ಕಾಯಿಲೆ ಬಿದ್ದ ಅಪ್ಪನಿಗೆ ಮದ್ದು ತರಲು ಅಣ್ಣ ತಮ್ಮ ಹೊರಡುತ್ತಾರೆ. ಇಬ್ಬರನ್ನೂ ಒಂದೇ ಕಂಟ್ರೋಲರಿನಿಂದ ನಡೆಸಬೇಕು. ಎಡಗಡೆಯ ಸ್ಟಿಕ್ ಅಣ್ಣ, ಬಲಗಡೆಯದು ತಮ್ಮ. ಹಿಡಿಯುವುದು, ಎಳೆಯುವುದು, ಮಾತಾಡಿಸುವುದು, ಎಲ್ಲಕ್ಕೂ ಅಣ್ಣನಿಗೆ ಎಡ ಟ್ರಿಗರ್, ತಮ್ಮನಿಗೆ ಬಲ ಟ್ರಿಗರ್. ಅಷ್ಟೇ. ಮೊದಲ ಅರ್ಧ ಗಂಟೆ ಕೈ ಗೊಂದಲಕ್ಕೆ ಬೀಳುತ್ತದೆ. ಆಮೇಲೆ ತಾನೇ ಸರಿಹೋಗುತ್ತದೆ.

ಮೊದಲ ಸಲ ಒಂದೂವರೆ ಗಂಟೆ ಆಡಿ, ಉಳಿದದ್ದು ನಾಳೆ ಅಂತ ಎದ್ದೆ. ಮತ್ತೆ ಕೂತದ್ದು ಮೂರು ವಾರದ ನಂತರ. ಕತೆ ಪೂರ್ತಿ ನೆನಪಿತ್ತು. ಆದರೆ ಕೈಗೆ ಏನೂ ನೆನಪಿರಲಿಲ್ಲ. ಅಣ್ಣ ಒಂದು ಕಡೆ ಹೋಗಿ ಗೋಡೆಗೆ ತಾಗಿ ನಿಂತ, ತಮ್ಮ ಇನ್ನೊಂದು ಕಡೆ ಸುತ್ತುತ್ತಿದ್ದ. ಹತ್ತು ನಿಮಿಷಕ್ಕೆ ಮುಚ್ಚಿಟ್ಟೆ. ನನಗೆ ತಾಳ್ಮೆ ಇಲ್ಲ, ಅದಕ್ಕೇ ಯಾವುದೂ ಮುಗಿಯಲ್ಲ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ.

ಅದು ತಪ್ಪು ಅಂತ ಗೊತ್ತಾಗಿದ್ದು 'ಫ್ಲಾರೆನ್ಸ್' ಆಡಿದಾಗ. 2018ರಲ್ಲಿ ಬಂದ ಈ ಪುಟ್ಟ ಗೇಮು ಫೋನಿನಲ್ಲೇ ಆಡುವಂಥದ್ದು. ಸುಮಾರು ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಫ್ಲಾರೆನ್ಸ್ ಎಂಬ ಹುಡುಗಿ, ಕ್ರಿಶ್ ಎಂಬ ಚೆಲ್ಲೋ ವಾದಕ, ಅವರ ಪ್ರೀತಿ, ಆಮೇಲೆ ದೂರಾಗುವುದು. ಮಾತೇ ಇಲ್ಲ. ಮಾತಿನ ಬದಲು ಖಾಲಿ ಗುಳ್ಳೆಗಳಿವೆ, ಅವನ್ನು ತುಂಡುಗಳಿಂದ ಜೋಡಿಸಬೇಕು. ಮೊದಲ ಭೇಟಿಯಲ್ಲಿ ಒಂದು ಗುಳ್ಳೆಗೆ ತುಂಬಾ ತುಂಡುಗಳು, ಜೋಡಿಸಲು ಹೊತ್ತು ಹಿಡಿಯುತ್ತದೆ. ಪರಿಚಯ ಬೆಳೆದಂತೆ ತುಂಡು ಕಡಿಮೆಯಾಗುತ್ತವೆ, ಮಾತು ಸಲೀಸಾಗುತ್ತದೆ. ಜಗಳದ ಹೊತ್ತಿಗೆ ಅದೇ ತುಂಡುಗಳ ಅಂಚು ಮೊನಚಾಗಿರುತ್ತದೆ. ಅವನು ಮನೆಗೆ ಬಂದಾಗ ಅವನ ಸಾಮಾನಿಗೆ ಜಾಗ ಮಾಡಲು ಶೆಲ್ಫಿನಿಂದ ಅವಳದ್ದನ್ನು ತೆಗೆದದ್ದು ನಾನೇ. ಅವನು ಹೋಗುವಾಗ ಅವನ ಅದೇ ಸಾಮಾನನ್ನು ಡಬ್ಬಕ್ಕೆ ತುಂಬಿದ್ದೂ ನಾನೇ. ಆ ಡಬ್ಬ ತುಂಬುವಾಗ ಗಂಟಲು ಕಟ್ಟಿತು. ಯಾವ ವಸ್ತು ಎಲ್ಲಿತ್ತು ಅಂತ ಬೆರಳಿಗೆ ಇನ್ನೂ ನೆನಪಿತ್ತು. ಇಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ ಅಲ್ವಾ. ಆ ನೆನಪಿನ ಮೇಲೇ ಆ ದೃಶ್ಯ ನಿಂತಿದೆ. ನಡುವೆ ಒಂದು ವಾರ ಬಿಟ್ಟಿದ್ದರೆ ಅದು ಸುಮ್ನೆ ಸಾಮಾನು ಕಟ್ಟುವ ಕೆಲಸವಾಗಿರುತ್ತಿತ್ತು.

ಇಲ್ಲಿಂದ ನಾನು ಗೇಮ್ ಆರಿಸುವ ರೀತಿ ಬದಲಾಯಿತು. ಚಿಕ್ಕದಾಗಿದ್ದರೆ ಸಾಲದು. ಕೈಯಲ್ಲಿ ಮಾಡುವ ಕೆಲಸದಿಂದಲೇ ದುಃಖವೋ ಪ್ರೀತಿಯೋ ಬರುವಂಥ ಗೇಮ್ ಬೇಕು, ಅದನ್ನು ಎದ್ದೇಳದೆ ಮುಗಿಸಬೇಕು. ಎಷ್ಟು ಹೊತ್ತು ಬೇಕು ಅಂತ ಹೌ ಲಾಂಗ್ ಟು ಬೀಟ್ ತಾಣದಲ್ಲಿ ಮುಖ್ಯ ಕತೆಯ ಸಮಯ ನೋಡುತ್ತೇನೆ. ಅಲ್ಲೇ ಎಲ್ಲವನ್ನೂ ಹುಡುಕಿ ಮುಗಿಸುವವರ ಸಮಯವೂ ಇರುತ್ತದೆ, ಅದನ್ನು ಬಿಟ್ಟುಬಿಡಿ. ಮುಖ್ಯ ಕತೆಯ ಸಮಯಕ್ಕೆ ಅರ್ಧ ಸೇರಿಸಿಕೊಳ್ಳುತ್ತೇನೆ, ಏಕೆಂದರೆ ನಾನು ನಿಧಾನ, ಗೋಡೆಯ ಮೇಲಿನ ಚಿತ್ರಗಳನ್ನೂ ನಿಂತು ನೋಡುತ್ತೇನೆ. ಎರಡು ಗಂಟೆ ಅಂತ ಇದ್ದರೆ ನನಗೆ ಮೂರು. ಸಂಜೆ ಏಳಕ್ಕೆ ಕೂತರೆ ಹತ್ತಕ್ಕೆ ಮುಗಿಯುತ್ತದೆ. ನಾಲ್ಕು ಗಂಟೆಯ ಗೇಮನ್ನು ಹಾಗೆ ಆಡಲು ಹೋದರೆ ಕೊನೆಯ ದೃಶ್ಯಕ್ಕೆ ಬರುವಾಗ ಕಣ್ಣು ಎಳೆಯುತ್ತಿರುತ್ತದೆ, ನಿದ್ದೆಗಣ್ಣಿನಲ್ಲಿ ಏನೂ ತಟ್ಟುವುದಿಲ್ಲ. ಅಂಥದ್ದನ್ನು ರಜೆಯ ದಿನ ಮಧ್ಯಾಹ್ನವೇ ಶುರು ಮಾಡುತ್ತೇನೆ.

ಇನ್ನೊಂದು ಅಭ್ಯಾಸ, ಇದು ನನಗೆ ನಿಜವಾಗಿ ಸಹಾಯ ಮಾಡಿತು. ಹಿಂದಿನ ದಿನವೇ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಮುಗಿಸಿ, ಒಮ್ಮೆ ತೆರೆದು ಸಬ್‌ಟೈಟಲ್, ಬೆಳಕು, ಸದ್ದು, ಕಂಟ್ರೋಲರ್ ಎಲ್ಲ ಸರಿಮಾಡಿ ಮುಚ್ಚಿಡುತ್ತೇನೆ. ಆಟ ಶುರು ಮಾಡುವುದಿಲ್ಲ. ಹಿಂದೆ ಈ ಸೆಟ್ಟಿಂಗ್‌ಗಳಲ್ಲೇ ನಲವತ್ತು ನಿಮಿಷ ಕಳೆದು, ಮನಸ್ಸು ಬೇರೆಡೆ ಹೋಗಿ, ಎದ್ದುಬಿಡುತ್ತಿದ್ದೆ.

ಈ ತಯಾರಿ ತೀರಾ ಬೇಕಾದದ್ದು 'ಬಿಫೋರ್ ಯುವರ್ ಐಸ್' ಗೇಮಿಗೆ. ಇದು 2021ರದ್ದು, ಒಂದೂವರೆ ಗಂಟೆಯದು. ವೆಬ್‌ಕ್ಯಾಮ್ ನಿಮ್ಮ ಕಣ್ಣನ್ನು ನೋಡುತ್ತಿರುತ್ತದೆ. ಸತ್ತವನೊಬ್ಬ ದೋಣಿಯಲ್ಲಿ ಕೂತು ತನ್ನ ಬದುಕನ್ನು ನೆನೆಯುತ್ತಾನೆ. ಪರದೆಯ ಕೆಳಗೆ ಮೆಟ್ರೊನೋಮ್ ಎಂಬ ತಾಳ ತೋರಿಸುವ ಯಂತ್ರದ ಚಿತ್ರ ಮೂಡಿದ ಮೇಲೆ ನೀವು ಕಣ್ಣು ಮಿಟುಕಿಸಿದರೆ ಕಾಲ ಮುಂದಕ್ಕೆ ಹಾರುತ್ತದೆ. ಕೆಲವೊಮ್ಮೆ ಕೆಲವು ದಿನ, ಕೆಲವೊಮ್ಮೆ ವರ್ಷಗಳು. ಅಮ್ಮ ಏನೋ ಹೇಳುತ್ತಿರುತ್ತಾಳೆ, ಕಣ್ಣು ಉರಿಯುತ್ತದೆ, ರೆಪ್ಪೆ ಬಡಿಯುತ್ತದೆ, ಅವಳ ಮಾತು ಅರ್ಧಕ್ಕೇ ಹೋಯಿತು. ಮತ್ತೆ ಕೇಳಲು ಆಗುವುದಿಲ್ಲ.

ನಾನು ಮೊದಲು ಕೂತಾಗ ಬೆನ್ನ ಹಿಂದೆ ದೀಪವಿತ್ತು, ಕನ್ನಡಕದಲ್ಲಿ ಪರದೆ ಹೊಳೆಯುತ್ತಿತ್ತು. ಮಿಟುಕಿಸದಿದ್ದರೂ ದೃಶ್ಯ ಹಾರುತ್ತಿತ್ತು. ಇದು ತಪ್ಪೋ ಗೇಮಿನ ರೀತಿಯೋ ಅಂತ ಹೇಗೆ ತಿಳಿಯುವುದು? ನಿಮಗೆ ಕಣ್ಣು ಮುಚ್ಚಿದ ಅರಿವೇ ಇಲ್ಲದೆ ಎರಡು ಮೂರು ಸಲ ಕಾಲ ಹಾರಿದರೆ ಅದು ಕ್ಯಾಮೆರಾದ ತಪ್ಪು. ಮುಖದ ಮೇಲೆ ಎದುರಿನಿಂದ ಮೆಲ್ಲನೆ ಬೆಳಕು ಬೀಳುವಂತೆ ದೀಪ ಸರಿಸಿದೆ, ಪರದೆಯ ಬೆಳಕು ತಗ್ಗಿಸಿ ಕನ್ನಡಕವನ್ನು ಸ್ವಲ್ಪ ಕೆಳಗೆ ಬಾಗಿಸಿದೆ, ಗೇಮಿನಲ್ಲಿ ಕ್ಯಾಮೆರಾ ಕಣ್ಣನ್ನು ಗುರುತಿಸುವ ಹೊಂದಾಣಿಕೆಯನ್ನು ಮತ್ತೆ ಮಾಡಿದೆ. ಸರಿಹೋಯಿತು. ಕ್ಯಾಮೆರಾ ಇಲ್ಲದವರು ಮೌಸ್ ಕ್ಲಿಕ್‌ನಿಂದಲೂ ಆಡಬಹುದು. ಆದರೆ ನನ್ನ ಮಾತು ಕೇಳಿ, ಆದಷ್ಟು ಕಣ್ಣಿನಿಂದಲೇ ಆಡಿ. ಕ್ಲಿಕ್ ಮಾಡುವುದು ನಮ್ಮ ಇಷ್ಟ, ರೆಪ್ಪೆ ಬಡಿಯುವುದು ನಮ್ಮ ಕೈಯಲ್ಲಿಲ್ಲ. ಕೊನೆಯ ಭಾಗದಲ್ಲಿ ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣನ್ನು ಮಿಟುಕಿಸದೆ ಇಡಲಾಗದು. ಉಳಿಸಿಕೊಳ್ಳಬೇಕು ಅಂದ ಕ್ಷಣ ಅಳು ಬಂದದ್ದರಿಂದಲೇ ಕಳೆದುಹೋಯಿತು. ಇಷ್ಟು ಹತ್ತಿರದಿಂದ ಯಾವ ಗೇಮೂ ನನ್ನನ್ನು ಮುಟ್ಟಿರಲಿಲ್ಲ.

'ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್' (2017) ಇನ್ನೊಂದು ಸಂಜೆ. ಎರಡು ಗಂಟೆ. ಒಂದು ಮನೆಯಲ್ಲಿ ಸತ್ತವರ ಕತೆಗಳನ್ನು ಒಂದೊಂದಾಗಿ ಆಡುತ್ತಾ ಹೋಗುವುದು. ಸೋಲುವುದು ಅಂತಿಲ್ಲ, ಹಾಗಾಗಿ ಸಿಕ್ಕಿಕೊಂಡು ಬಿಡುವ ಭಯವಿಲ್ಲ. ಲೂಯಿಸ್‌ನ ಭಾಗ ಬಂದಾಗ ಅವಸರ ಬೇಡ. ಅವನು ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಒಂದು ಕೈಯಿಂದ ಮೀನನ್ನು ಎಳೆದು, ಬ್ಲೇಡಿಗೆ ಒಡ್ಡಿ, ಆಚೆ ತಳ್ಳಬೇಕು. ಇನ್ನೊಂದು ಕೈಯಿಂದ ಅವನ ಕಲ್ಪನೆಯ ಲೋಕದಲ್ಲಿ ನಡೆಯಬೇಕು. ಆ ಲೋಕ ಮೊದಲು ಪರದೆಯ ಮೂಲೆಯಲ್ಲಿರುತ್ತದೆ, ಬೆಳೆಯುತ್ತಾ ಬೆಳೆಯುತ್ತಾ ಕಾರ್ಖಾನೆಯನ್ನೇ ಮುಚ್ಚುತ್ತದೆ. ಮೀನು ಕಾಣದಿದ್ದರೂ ಕೈ ಕತ್ತರಿಸುತ್ತಲೇ ಇರುತ್ತದೆ. ಅವನ ಮನಸ್ಸು ಹೇಗೆ ಕೈಬಿಟ್ಟು ಹೋಯಿತು ಅಂತ ಆಗ ಅರ್ಥವಾಗುತ್ತದೆ. ಈ ಗೇಮಿನಲ್ಲಿ ಹಸುಗೂಸಿನ ಸಾವಿದೆ, ಆತ್ಮಹತ್ಯೆಯೂ ಇದೆ. ಇತ್ತೀಚೆಗೆ ಹತ್ತಿರದವರನ್ನು ಕಳೆದುಕೊಂಡಿದ್ದರೆ ಇದನ್ನು ಈಗ ಆಡಬೇಡಿ.

ನನ್ನಂಥವರಿಗೆ ಒಂದು ಅಪಾಯವನ್ನು 'ಎ ಶಾರ್ಟ್ ಹೈಕ್' (2019) ತೋರಿಸಿತು. ಕ್ಲೇರ್ ಎಂಬ ಪುಟ್ಟ ಹಕ್ಕಿ ಒಂದು ಫೋನ್ ಕರೆಗಾಗಿ, ಸಿಗ್ನಲ್ ಸಿಗುವ ಬೆಟ್ಟದ ತುದಿಗೆ ಹತ್ತಬೇಕು. ಅಷ್ಟೇ ಕತೆ, ಒಂದೂವರೆ ಗಂಟೆ ಸಾಕು. ಆದರೆ ದಾರಿಯಲ್ಲಿ ಮೀನು ಹಿಡಿಯಬಹುದು, ಓಟದ ಪಂದ್ಯ ಆಡಬಹುದು, ಯಾರದೋ ಕಳೆದ ವಸ್ತು ಹುಡುಕಬಹುದು. ನಾನು ಮೀನು ಹಿಡಿಯುತ್ತಾ ಸಂಜೆ ಕಳೆದೆ, ತುದಿ ಹಾಗೇ ಉಳಿಯಿತು. ಮುಂದಿನ ವಾರ ಹೊಸದಾಗಿ ಶುರು ಮಾಡಿ, ಏರಲು ಬೇಕಾದ ಚಿನ್ನದ ಗರಿಗಳನ್ನಷ್ಟೇ ಕೂಡಿಸಿ, ನೆಟ್ಟಗೆ ಮೇಲೆ ಹೋದೆ. ಕರೆ ಬಂತು. ಆ ಕರೆ ಏನು ಅಂತ ಹೇಳುವುದಿಲ್ಲ. ಮುಗಿದ ಮೇಲೂ ದ್ವೀಪ ಅಲ್ಲೇ ಇರುತ್ತದೆ, ಮೀನು ಆಮೇಲೂ ಹಿಡಿಯಬಹುದು.

ಇಷ್ಟು ಆದ ಮೇಲೆ ಬ್ರದರ್ಸ್‌ಗೆ ಮರಳಿದೆ. ಹಳೆಯ ಸೇವ್ ಮುಟ್ಟಲಿಲ್ಲ. ಮೂರರಿಂದ ನಾಲ್ಕು ಗಂಟೆಯ ಗೇಮು, ಹಾಗಾಗಿ ರಜೆಯ ದಿನ ಸಂಜೆ ನಾಲ್ಕಕ್ಕೇ ಕೂತೆ. ಈ ಸಲ ಎರಡನೇ ಗಂಟೆಯಲ್ಲಿ ಯಾವ ಕೈ ಯಾರು ಅಂತ ಯೋಚಿಸುವುದೇ ನಿಂತುಹೋಯಿತು. ಎಡಗೈ ಅಂದರೆ ಅಣ್ಣ, ಅಷ್ಟೇ. ತಮ್ಮನಿಗೆ ಈಜು ಬಾರದು, ಅಮ್ಮ ನೀರಿನಲ್ಲಿ ಮುಳುಗಿದ್ದನ್ನು ಕಣ್ಣಾರೆ ಕಂಡವನು. ನೀರು ಬಂದಾಗಲೆಲ್ಲ ಅಣ್ಣನ ಬೆನ್ನು ಹಿಡಿಯುತ್ತಾನೆ. ಭಾರದ ಲಿವರ್ ಎಳೆಯುವುದೂ ಅಣ್ಣನೇ.

ಕೊನೆಯ ಹೊತ್ತಿಗೆ ಅಣ್ಣ ಸಾಯುತ್ತಾನೆ. ಅವನನ್ನು ಗುಂಡಿಗೆ ಎಳೆದು ತಂದು ಮಣ್ಣು ಮುಚ್ಚುವ ಕೆಲಸವನ್ನು ಬಲಗೈ ಒಂದೇ ಮಾಡಬೇಕು. ಎಡ ಹೆಬ್ಬೆರಳು ಸ್ಟಿಕ್ಕಿನ ಮೇಲೇ ಇರುತ್ತದೆ, ಆದರೆ ಅಲುಗಿಸಿದರೆ ಏನೂ ಆಗುವುದಿಲ್ಲ. ಆಮೇಲೆ ತಮ್ಮ ಮದ್ದು ಹಿಡಿದು ಊರಿಗೆ ಹಿಂತಿರುಗುತ್ತಾನೆ. ಮಳೆ, ದಾರಿಯಲ್ಲಿ ನೀರು. ಬಲಗಡೆಯ ಸ್ಟಿಕ್ ಒತ್ತಿದೆ, ಹೋಗಲ್ಲ. ಬಲ ಟ್ರಿಗರ್ ಒತ್ತಿದೆ, ಹೆದರಿ ನಿಲ್ಲುತ್ತಾನೆ. ಪರದೆಯ ಮೇಲೆ ಯಾವ ಸೂಚನೆಯೂ ಇಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಆಮೇಲೆ, ಯಾಕೆ ಅಂತ ಯೋಚಿಸದೆ, ಅಣ್ಣನ ಟ್ರಿಗರ್ ಒತ್ತಿ ಹಿಡಿದೆ. ತಮ್ಮ ನೀರಿಗಿಳಿದು ಈಜಿದ.

ಮೊದಲ ಸಲ ಮೂರು ವಾರ ಬಿಟ್ಟು ಬಂದವನಂತೆ ಹೇಗೋ ಇಲ್ಲಿಗೆ ತಲುಪಿದ್ದರೆ ಅದು ನನಗೆ ಇನ್ನೊಂದು ಬಟನ್ ಆಗಿರುತ್ತಿತ್ತು. ಈಗ ಆ ಟ್ರಿಗರಿನಲ್ಲಿ ಅಣ್ಣನಿದ್ದ. ಮುಂದೆ ಭಾರದ ಲಿವರ್ ಬಂದಾಗಲೂ ಅದನ್ನೇ ಒತ್ತಿದೆ. ಮನೆ ತಲುಪುವವರೆಗೆ ಎಡಗೈಯನ್ನು ಅಲ್ಲಿಂದ ತೆಗೆಯಲಿಲ್ಲ.