ಡ್ರೈವ್‌ನಲ್ಲೇ ಇರುವ ಹಳೆಯ ಪತ್ರ ಹುಡುಕಿದರೆ ಸಿಗುವುದಿಲ್ಲವೇಕೆ?

ಹೋದ ತಿಂಗಳು ಒಂದು ಸಂಜೆ ಭಾವ ಫೋನ್ ಮಾಡಿದರು. ಊರಿನ ಜಮೀನಿನ ವಿಭಾಗಪತ್ರ ಮರುದಿನ ಬೆಳಿಗ್ಗೆಯೇ ವಕೀಲರಿಗೆ ಬೇಕಿತ್ತು. ಮನೆಯ ಕಾಗದಪತ್ರಗಳನ್ನೆಲ್ಲ ಎರಡು ವರ್ಷದ ಹಿಂದೆ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಗೂಗಲ್ ಡ್ರೈವ್‌ಗೆ ಹಾಕಿಟ್ಟಿದ್ದೆವು. "ಸರ್ವೆ ನಂಬರ್ ಹಾಕಿ ನೋಡಿದೆ, ಊರಿನ ಹೆಸರು ಹಾಕಿ ನೋಡಿದೆ, ಏನೂ ಬರ್ತಿಲ್ಲ. ಫೈಲ್ ಡಿಲೀಟ್ ಆಗಿದೆಯೇನೋ ನೋಡಪ್ಪಾ" ಎಂದರು. ಫೈಲ್ ಇತ್ತು. ಹೆಸರು `SCAN0007.pdf`, ಒಟ್ಟು 64 ಪುಟ. ವಿಭಾಗಪತ್ರ ಶುರುವಾಗುವುದು 41ನೇ ಪುಟದಲ್ಲಿ. ಅಂದು ರಾತ್ರಿ ಒಂದೊಂದೇ ಪುಟ ಸರಿಸಿ ಹುಡುಕಿ ಕಳಿಸಿಕೊಟ್ಟೆ. ಆ ಭಾನುವಾರ ಅದೇ ಫೈಲನ್ನು ಬಿಡಿಸಿ ಕೂತಾಗ, ಹುಡುಕಾಟ ಸೋತದ್ದಕ್ಕೆ ಒಂದಲ್ಲ, ಮೂರು ಕಾರಣ ಸಿಕ್ಕವು. ನಿಮ್ಮ ಡ್ರೈವ್‌ನಲ್ಲೂ ಇಂಥ ಫೈಲ್ ಇದ್ದರೆ ಅದೇ ಕ್ರಮದಲ್ಲಿ ಪರೀಕ್ಷಿಸಿ ಸರಿಪಡಿಸಿಕೊಳ್ಳಬಹುದು.

ಮೊದಲು ಒಂದು ಪದ ಕಾಪಿ ಮಾಡಿ ನೋಡಿ

ಸ್ಕ್ಯಾನರ್ ಮಾಡುವುದು ಪುಟದ ಫೋಟೊ ತೆಗೆಯುವ ಕೆಲಸ, ಅಷ್ಟೆ. ಆ ಫೋಟೊದಲ್ಲಿ ನಮ್ಮ ಕಣ್ಣಿಗೆ ಅಕ್ಷರ ಕಾಣುತ್ತದೆ, ಕಂಪ್ಯೂಟರಿಗೆ ಕಪ್ಪು ಬಿಳುಪಿನ ಚುಕ್ಕೆಗಳು ಮಾತ್ರ. ಚುಕ್ಕೆಗಳಲ್ಲಿ ಅಕ್ಷರ ಗುರುತಿಸಿ, ಆ ಪಠ್ಯವನ್ನು ಚಿತ್ರದ ಜೊತೆಯಲ್ಲೇ ಕಣ್ಣಿಗೆ ಕಾಣದ ಪದರವಾಗಿ ಕೂರಿಸಿದರೆ ಆ ಪಿಡಿಎಫ್ ಹುಡುಕಲು ಸಿಗುತ್ತದೆ. ಈ ಗುರುತಿಸುವ ಕೆಲಸಕ್ಕೇ ಒಸಿಆರ್ ಎನ್ನುವುದು.

ಪದರ ಇದೆಯೋ ಇಲ್ಲವೋ ತಿಳಿಯಲು ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತೆರೆಯಿರಿ, ಯಾವುದಾದರೂ ಸಾಲಿನ ಮೇಲೆ ಮೌಸ್ ಎಳೆದು ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಮೂರರಲ್ಲಿ ಒಂದು ಆಗುತ್ತದೆ. ಅಕ್ಷರಗಳು ಆಯ್ಕೆಯೇ ಆಗದಿದ್ದರೆ ಅದು ಬರೀ ಚಿತ್ರ. ಪುಟದಲ್ಲಿದ್ದ ಕನ್ನಡವೇ ಬಂದರೆ ಪದರ ಸರಿಯಾಗಿದೆ, ತೊಂದರೆ ಬೇರೆಡೆ ಇದೆ. ಮೂರನೆಯದು ವಿಚಿತ್ರ: ಪುಟದಲ್ಲಿ ಸ್ಪಷ್ಟವಾಗಿ "ಕನ್ನಡ" ಎಂದಿರುತ್ತದೆ, ಪೇಸ್ಟ್ ಮಾಡಿದರೆ `PÀ£ÀßqÀ` ಎಂದು ಬೀಳುತ್ತದೆ.

ನಮ್ಮ ಫೈಲಿನಲ್ಲಿ ಮೂರೂ ಇದ್ದವು. ಅದಕ್ಕೇ ಈ ಪರೀಕ್ಷೆಯನ್ನು ಮೊದಲ ಪುಟಕ್ಕೆ ನಿಲ್ಲಿಸಬೇಡಿ, ನಡುವೆ ನಾಲ್ಕಾರು ಕಡೆ ಮಾಡಿ ನೋಡಿ.

ಹತ್ತು ಪುಟದ ಗೆರೆ

ಡ್ರೈವ್ ತಾನೇ ಒಸಿಆರ್ ಮಾಡಿಕೊಳ್ಳುತ್ತದಲ್ಲ ಎಂದು ಕೇಳಬಹುದು. ಮಾಡಿಕೊಳ್ಳುತ್ತದೆ, ಆದರೆ ಅದಕ್ಕೊಂದು ಗೆರೆಯಿದೆ. ಚಿತ್ರರೂಪದ ಪಿಡಿಎಫ್ ಆದರೆ ಮೊದಲ 10 ಪುಟದ ಪಠ್ಯ, ಪಠ್ಯವಿರುವ ಪಿಡಿಎಫ್ ಆದರೆ ಮೊದಲ 100 ಪುಟ ಹುಡುಕಾಟಕ್ಕೆ ಸಿಗುತ್ತದೆ ಎಂದು ಗೂಗಲ್‌ನ ಸಹಾಯ ಪುಟ ಹೇಳುತ್ತ ಬಂದಿದೆ. ನಮ್ಮ ವಿಭಾಗಪತ್ರ 41ನೇ ಪುಟದಲ್ಲಿತ್ತು. ಮೊದಲ ಹತ್ತು ಪುಟಗಳಲ್ಲಿದ್ದದ್ದು ಹಳೆಯ ಕಂದಾಯ ರಸೀದಿಗಳು. ಹಾಗಾಗಿ ಭಾವ ಎಷ್ಟು ಸಲ ಹುಡುಕಿದರೂ ಡ್ರೈವ್ ನೋಡುತ್ತಿದ್ದದ್ದು ರಸೀದಿಗಳನ್ನು.

ಮನೆಯ ಎಲ್ಲ ಕಾಗದವನ್ನೂ ಒಂದೇ ಪಿಡಿಎಫ್ ಮಾಡಿಸುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಅಂಗಡಿಯವರಿಗೂ ಸುಲಭ, ನಮಗೂ ಒಂದೇ ಫೈಲ್ ಎಂಬ ಸಮಾಧಾನ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಒಂದು ಪತ್ರಕ್ಕೆ ಒಂದು ಫೈಲ್ ಮಾಡಿದರೆ ಬಹುಪಾಲು ಕ್ರಯಪತ್ರ, ದಾನಪತ್ರಗಳು ಹತ್ತು ಪುಟದೊಳಗೇ ಮುಗಿಯುತ್ತವೆ.

ಪಾಸ್‌ವರ್ಡ್ ಹಾಕಿದ ಪಿಡಿಎಫ್‌ಗಳ ಕಥೆಯೂ ಇಲ್ಲೇ ಹೇಳಿಬಿಡುತ್ತೇನೆ. ಇ-ಆಧಾರ್ ಮತ್ತು ಹಲವು ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು ಬೀಗ ಹಾಕಿಕೊಂಡೇ ಬರುತ್ತವೆ. ಅವುಗಳ ಒಳಗನ್ನು ಡ್ರೈವ್ ಓದಲಾರದು, ಫೈಲಿನ ಹೆಸರಿನಿಂದಷ್ಟೇ ಅವು ಸಿಗುತ್ತವೆ.

ಪದರ ಕೂರಿಸುವುದು

ಒಂದೆರಡು ಪುಟದ ಕಾಗದವಾದರೆ ಡ್ರೈವ್‌ನಲ್ಲೇ ಕೆಲಸ ಮುಗಿಯುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಡ್ರೈವ್ ತೆರೆದು, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, `Open with` ಒಳಗೆ `Google Docs` ಆರಿಸಿ. ಸ್ವಲ್ಪ ಹೊತ್ತಿನಲ್ಲಿ ಅದೇ ಹೆಸರಿನ ಹೊಸ ಡಾಕ್ಸ್ ಫೈಲ್ ಹುಟ್ಟುತ್ತದೆ, ಅದರಲ್ಲಿ ಗುರುತಿಸಿದ ಪಠ್ಯವಿರುತ್ತದೆ. ಕನ್ನಡದ ಅಚ್ಚನ್ನು ಇದು ಚೆನ್ನಾಗಿಯೇ ಓದುತ್ತದೆ. ಫೈಲ್ 2 ಎಂಬಿಯೊಳಗಿರಬೇಕು, ಪುಟ ನೆಟ್ಟಗಿರಬೇಕು, ಅಕ್ಷರದ ಎತ್ತರ ಕನಿಷ್ಠ 10 ಪಿಕ್ಸೆಲ್ ಇರಬೇಕು ಎಂಬುದು ಗೂಗಲ್ ಹೇಳುವ ಷರತ್ತು. ಕೋಷ್ಟಕಗಳ ಸಾಲು, ಕಂಬ ಚದುರಿಹೋಗುತ್ತವೆ. ಹುಡುಕಲು ಅಷ್ಟು ಸಾಕು. ಮೂಲ ಪಿಡಿಎಫ್ ಮಾತ್ರ ಮೊದಲಿದ್ದಂತೆಯೇ ಉಳಿಯುತ್ತದೆ, ಪಠ್ಯ ಇರುವುದು ಹೊಸ ಫೈಲಿನಲ್ಲಿ.

64 ಪುಟಕ್ಕೆ ಈ ದಾರಿ ಸಾಲದು. ನಾನು ಬಳಸಿದ್ದು `ocrmypdf` ಎಂಬ ಉಚಿತ ತಂತ್ರಾಂಶ. ಇದು ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಕಾಗದ ಹೊರಗೆಲ್ಲೂ ಹೋಗುವುದಿಲ್ಲ. ಜಮೀನಿನ ಪತ್ರಗಳನ್ನು ಗೊತ್ತಿಲ್ಲದ ಜಾಲತಾಣಕ್ಕೆ ಏರಿಸಿ ಒಸಿಆರ್ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಉಬುಂಟುವಿನ ಟರ್ಮಿನಲ್‌ನಲ್ಲಿ ಹೀಗೆ ಹಾಕಿಕೊಳ್ಳಬೇಕು:

```
sudo apt install ocrmypdf tesseract-ocr-kan qpdf
```

ಎರಡನೆಯ ಹೆಸರು ಕನ್ನಡದ ಅಕ್ಷರ ಗುರುತಿಸುವ ಕಡತ. ಅದನ್ನು ಬಿಟ್ಟು `-l kan` ಎಂದರೆ ತಂತ್ರಾಂಶ ನಿಂತುಬಿಡುತ್ತದೆ, ಭಾಷೆಯನ್ನೇ ಹೇಳದಿದ್ದರೆ ಕನ್ನಡ ಪುಟವನ್ನು ಇಂಗ್ಲಿಷ್ ಎಂದೇ ತಿಳಿದು ಅರ್ಥವಿಲ್ಲದ ಅಕ್ಷರ ತುಂಬುತ್ತದೆ. ಆಮೇಲೆ ಮೊದಲು ಪತ್ರ ಪತ್ರವಾಗಿ ಬಿಡಿಸಿ, ನಂತರ ಒಸಿಆರ್. ನಮ್ಮ ವಿಭಾಗಪತ್ರ 41ರಿಂದ 48ನೇ ಪುಟದವರೆಗೆ ಇತ್ತು. ಪುಟ ಬಿಡಿಸಲು ಮೇಲೆ ಹಾಕಿಕೊಂಡ `qpdf` ಎಂಬ ಇನ್ನೊಂದು ಉಚಿತ ತಂತ್ರಾಂಶ ಬೇಕು:

```
qpdf SCAN0007.pdf --pages . 41-48 -- vibhaga.pdf
ocrmypdf -l kan+eng --deskew --sidecar vibhaga.txt vibhaga.pdf vibhaga-ocr.pdf
```

`kan+eng` ಎಂದರೆ ಎರಡೂ ಭಾಷೆ ಇದೆ ಎಂದು ಹೇಳಿದಂತೆ, `--deskew` ಓರೆಯಾದ ಪುಟವನ್ನು ನೆಟ್ಟಗೆ ಮಾಡುತ್ತದೆ. `--sidecar` ಗುರುತಿಸಿದ ಪಠ್ಯವನ್ನು ಬೇರೆ ಕಡತವಾಗಿಯೂ ಕೊಡುತ್ತದೆ. ಅದನ್ನು ತೆರೆದು ಓದದೆ ಮುಂದೆ ಹೋಗಬೇಡಿ. ಒಸಿಆರ್ ಎಲ್ಲಿ ಎಡವಿದೆ ಎಂಬುದು ಅಲ್ಲೇ ಕಾಣುವುದು.

ಸಾಲು ಸಾಲೇ ಕೆಟ್ಟಿದ್ದರೆ ತಪ್ಪು ಸ್ಕ್ಯಾನಿನದು. ಎ4 ಹಾಳೆಯನ್ನು 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಉದ್ದದ ಬದಿಗೆ ಸುಮಾರು 3500 ಪಿಕ್ಸೆಲ್. ವಾಟ್ಸ್ಯಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಸುಮಾರು 1600ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಬದುಕಿಕೊಳ್ಳಬಹುದು, ನಮ್ಮ ಒತ್ತಕ್ಷರ ಬದುಕುವುದಿಲ್ಲ. ಅಕ್ಷರದ ಅಡಿಯ ಪುಟ್ಟ ಒತ್ತು ಚುಕ್ಕೆಯಾಗಿ ಕರಗಿ "ಕ್ಷೇತ್ರ" ಎಂಬುದು ಇನ್ನೇನೋ ಆಗುತ್ತದೆ. ಊರಿನಿಂದ ಯಾರಾದರೂ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕಾಣುವುದು ಕನ್ನಡ, ಒಳಗಿರುವುದು ಬೇರೆ

ನಮ್ಮ ಫೈಲಿನ ಕೊನೆಯಲ್ಲಿ ಪತ್ರ ಬರಹಗಾರರು ಟೈಪ್ ಮಾಡಿಕೊಟ್ಟ ಕರಾರು ಇತ್ತು. ಅದು ಸ್ಕ್ಯಾನ್ ಅಲ್ಲ, ನೇರ ಪಿಡಿಎಫ್. ಅಂಗಡಿಯಲ್ಲಿ ಅದನ್ನೂ ಇದಕ್ಕೇ ಸೇರಿಸಿದ್ದರು. `PÀ£ÀßqÀ` ಬಿದ್ದದ್ದು ಅಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿಕೊಂಡಿದ್ದವು. ಕಡತದ ಒಳಗಿರುವುದು `P` ಮತ್ತು `À`, ಪರದೆಯ ಮೇಲೆ ಕಾಣುವುದು "ಕ". ಯೂನಿಕೋಡ್‌ನಲ್ಲಿ "ಕನ್ನಡ" ಎಂದು ಟೈಪ್ ಮಾಡಿ ಹುಡುಕಿದರೆ ಅದು ಎಂದಿಗೂ ಹೊಂದುವುದಿಲ್ಲ. ಅಡೋಬಿ ರೀಡರಿನಲ್ಲಿ ಫೈಲಿನ `Properties` ತೆರೆದು `Fonts` ನೋಡಿದರೆ `Nudi` ಅಥವಾ `BRH` ಎಂದು ಶುರುವಾಗುವ ಹೆಸರು ಕಂಡೀತು.

ಇಲ್ಲಿ ಒಂದು ಬಲೆಯಿದೆ. ಪುಟದಲ್ಲಿ ಆಗಲೇ ಪಠ್ಯವಿದ್ದರೆ `ocrmypdf` ಕೆಲಸ ನಿಲ್ಲಿಸುತ್ತದೆ. ಪಠ್ಯವಿರುವ ಪುಟ ಬಿಟ್ಟು ಉಳಿದದ್ದು ಮಾಡು ಎನ್ನಲು `--skip-text` ಇದೆ. ಬೆರಕೆ ಫೈಲಿಗೆ ಎಲ್ಲರೂ ಅದನ್ನೇ ಬಳಸುತ್ತಾರೆ, ನಾನೂ ಮೊದಲು ಬಳಸಿದೆ. ನುಡಿಯ ಪುಟಗಳಲ್ಲಿ "ಪಠ್ಯ" ಇದೆಯಲ್ಲ, ಹಾಗಾಗಿ ಅವನ್ನೇ ಅದು ಬಿಟ್ಟುಬಿಟ್ಟಿತು. ಆ ಪುಟಗಳನ್ನು `qpdf`ನಿಂದ `kararu.pdf` ಎಂದು ಬಿಡಿಸಿಕೊಂಡು ಹಾಕಬೇಕಾದದ್ದು ಇದು:

```
ocrmypdf -l kan+eng --force-ocr kararu.pdf kararu-ocr.pdf
```

ಇದು ಪುಟವನ್ನು ಚಿತ್ರವಾಗಿ ಮಾಡಿಕೊಂಡು, ಒಳಗಿನ ಹಳೆಯ ಪಠ್ಯ ಬಿಟ್ಟು ಹೊಸದಾಗಿ ಓದುತ್ತದೆ. ಆದರೆ ಡಿಜಿಟಲ್ ಸಹಿ ಇರುವ ಪಿಡಿಎಫ್‌ಗೆ ಇದನ್ನು ಮಾಡಿದರೆ ಮೂಲವನ್ನು ಅಳಿಸಬೇಡಿ. ಫೈಲ್ ಬದಲಾದರೆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ.

ಪಠ್ಯ ಸರಿಯಿದ್ದೂ ಸಿಗದಿದ್ದರೆ

ಇಷ್ಟೆಲ್ಲ ಆಗಿ, ಹೊಸ ಫೈಲ್ ಏರಿಸಿ, ಡ್ರೈವ್ ಅದನ್ನು ಓದಿಕೊಳ್ಳಲೆಂದು ಒಂದು ದಿನ ಬಿಟ್ಟು "ಹೊಸಹಳ್ಳಿ" ಎಂದು ಹುಡುಕಿದೆ. ಆಗಲೂ ವಿಭಾಗಪತ್ರ ಬರಲಿಲ್ಲ. ಪಠ್ಯದ ಕಡತ ತೆರೆದರೆ ಅಲ್ಲಿದ್ದದ್ದು "ಹೊಸಹಳ್ಳಿಯಲ್ಲಿರುವ", "ಹೊಸಹಳ್ಳಿಗೆ". ಡ್ರೈವ್ ಫೈಲಿನೊಳಗಿನ ಪಠ್ಯದಲ್ಲಿ ಇಡೀ ಪದ ಹೊಂದುತ್ತದೆಯೇ ಎಂದು ನೋಡುತ್ತದೆ, ಪದದ ತುಂಡನ್ನಲ್ಲ. ಇಂಗ್ಲಿಷಿಗೆ ಇದರಿಂದ ಅಷ್ಟು ನಷ್ಟವಿಲ್ಲ. ಪ್ರತಿ ನಾಮಪದಕ್ಕೂ ವಿಭಕ್ತಿ ಅಂಟಿಕೊಳ್ಳುವ ಕನ್ನಡಕ್ಕೆ ಪೆಟ್ಟು ಬೀಳುವುದು ಇಲ್ಲೇ. ಪತ್ರದಲ್ಲಿ ಪ್ರತ್ಯಯವಿಲ್ಲದೆ ಒಂಟಿಯಾಗಿ ನಿಲ್ಲುವ ಪದ ಹಾಕಿ ಹುಡುಕುವುದು ಇದಕ್ಕೆ ಉಪಾಯ. "ಚಕ್ಕುಬಂದಿ" ಎಂಬ ಶೀರ್ಷಿಕೆ ಹಾಕಿದ ಕೂಡಲೇ ನಮ್ಮ ಪತ್ರ ಬಂತು.

ಅಂಕಿಗಳದ್ದು ಇನ್ನೂ ಸೂಕ್ಷ್ಮ. ಭಾವ ಹುಡುಕಿದ್ದು 102/3 ಎಂದು. ಪತ್ರದಲ್ಲಿದ್ದದ್ದು ಕನ್ನಡ ಅಂಕಿ, ೧೦೨/೩. ಒಸಿಆರ್ ಓದಿದ್ದು ೧ಂ೨/೩. ನೋಡಲು ಎರಡೂ ಒಂದೇ, ಆದರೆ ನಡುವೆ ಇರುವುದು ಸೊನ್ನೆಯಲ್ಲ, ಅನುಸ್ವಾರ. ಎರಡೂ ದುಂಡಗಿನ ಗುರುತು, ಹಳೆಯ ಟೈಪಿನಲ್ಲಿ ಬೇರೆ ಮಾಡುವುದು ಯಂತ್ರಕ್ಕೆ ಕಷ್ಟ. ಸರ್ವೆ ನಂಬರನ್ನು ಒಸಿಆರ್ ಮೇಲೆ ನಂಬಿ ಬಿಡಲಾಗದು. ಅದು ಫೈಲಿನ ಹೆಸರಿನಲ್ಲೇ ಇರಬೇಕು: `1987-ವಿಭಾಗಪತ್ರ-ಹೊಸಹಳ್ಳಿ-102-3.pdf`. ಹೆಸರಿನಲ್ಲಿ ಓರೆಗೆರೆ ಬೇಡ, ಅಡ್ಡಗೆರೆ ಹಾಕಿ.

ನಮ್ಮ ತಾತನ ಕಾಲದ ಕ್ರಯಪತ್ರ ಪೂರ್ತಿ ಕೈಬರಹದ್ದು, ಶಾಯಿ ಹರಡಿ, ಮೊಹರು ಸಾಲಿನ ಮೇಲೇ ಬಿದ್ದಿದೆ. ಈ ತಂತ್ರಾಂಶ ಅಚ್ಚಿನ ಅಕ್ಷರಕ್ಕೆ ಮಾಡಿದ್ದು, ಅದಕ್ಕೆ ಆ ಬರಹ ದಕ್ಕಲಿಲ್ಲ. ಅದಕ್ಕೆ ಡ್ರೈವ್‌ನಲ್ಲೇ ಬೇರೆ ಜಾಗವಿದೆ. ಫೈಲ್ ಆರಿಸಿ, ಬಲಬದಿಯ `Details` ತೆರೆದರೆ ಕೆಳಗೆ `Description` ಎಂಬ ಪೆಟ್ಟಿಗೆ ಇದೆ. ಅಲ್ಲಿ ಬರೆದದ್ದೂ ಹುಡುಕಾಟಕ್ಕೆ ಸಿಗುತ್ತದೆ. ಅಕ್ಕ ಪತ್ರ ಓದುತ್ತ ಹೋದಳು. ಕೊಟ್ಟವರು, ಕೊಂಡವರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಸಾಕ್ಷಿಗಳ ಹೆಸರು, ಸರ್ವೆ ನಂಬರು ಎರಡೂ ಬಗೆಯ ಅಂಕಿಯಲ್ಲಿ, ಇಷ್ಟನ್ನು ನಾನು ಟೈಪ್ ಮಾಡಿದೆ. ಒಂದು ಪತ್ರಕ್ಕೆ ಹತ್ತು ನಿಮಿಷ ಹಿಡಿಯಿತು. ಅಂಥವು ನಮ್ಮಲ್ಲಿ ಐದು ಇದ್ದವು.