ಒಂದೇ ಹುಡುಕಾಟ, ಎರಡು ರಾಜ್ಯ

ಎಸ್‌ಎಸ್‌ಎಲ್‌ಸಿ ಅನ್ನುವ ಹೆಸರು ಕೇರಳದಲ್ಲೂ ಉಂಟು, ಕರ್ನಾಟಕದಲ್ಲೂ ಉಂಟು. ಆದರೆ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರವನ್ನು ಬೇರೆ ಬೇರೆ ಬರೆಯಬೇಕು. ಗಡಿಯಾಚೆ ಮೂರೂ ಸೇರಿ ವಿಜ್ಞಾನ ಅಂತ ಒಂದೇ ಪತ್ರಿಕೆ. ಹಾಗಾಗಿ ಆಚೆಯ ಮಾದರಿ ಪ್ರಶ್ನೆಪತ್ರಿಕೆ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಪಕ್ಕದ ಮನೆಯ ಸರೋಜಕ್ಕನ ಮಗಳು ಹತ್ತನೆಯಲ್ಲಿದ್ದಾಳೆ. ಗೂಗಲ್‌ನಲ್ಲಿ ‘SSLC model question paper kannada medium’ ಎಂದು ಹುಡುಕಿದರೆ ಅವರಿಗೆ ಕೇರಳದ್ದು ಮೇಲೆ ಬರುತ್ತಿತ್ತು, ನನಗೆ ಕರ್ನಾಟಕದ್ದು.

“ಟೀಚರೇ, ನಿಮ್ಮ ಫೋನಿಗೆ ಎಂಥ ಆಗಿದೆ?” ಅಂತ ಅವರು ನಕ್ಕರು.

ಇಬ್ಬರೂ ಜಗಲಿಯಲ್ಲಿ ಕೂತು ನೋಡಿಯೇ ಬಿಟ್ಟೆವು. ಮೊದಲು ಇಬ್ಬರೂ ಅದೇ ಪದಗಳನ್ನು ಅದೇ ಲಿಪಿಯಲ್ಲಿ ಟೈಪ್ ಮಾಡಿದೆವು, ಏಕೆಂದರೆ ಕನ್ನಡ ಅಕ್ಷರದಲ್ಲಿ ಬರೆದರೆ ಬರುವ ಪುಟಗಳೇ ಬೇರೆ. ಆದರೂ ವ್ಯತ್ಯಾಸ ಹೋಗಲಿಲ್ಲ.

ಆಮೇಲೆ ಫಲಿತಾಂಶದ ಪುಟವನ್ನು ಕೆಳತುದಿಯವರೆಗೆ ಎಳೆದೆವು. ನಮ್ಮನ್ನು ಯಾವ ಊರಿನವರೆಂದು ಗೂಗಲ್ ಎಣಿಸಿದೆ ಅನ್ನುವುದು ಅಲ್ಲಿರುತ್ತದೆ. ಯಾರೂ ಅಷ್ಟು ಕೆಳಗೆ ಹೋಗುವುದಿಲ್ಲ ಅಷ್ಟೆ. ಅಕ್ಕನದರಲ್ಲಿ ಕಾಸರಗೋಡು, ಜೊತೆಗೆ ‘From your device’. ನನ್ನದರಲ್ಲಿ ಬೆಂಗಳೂರು, ‘From your IP address’! ನಾನು ಲೊಕೇಶನ್ ಆಫ್ ಇಟ್ಟವಳು, ಸಿಮ್ ಮಂಗಳೂರಿನಲ್ಲಿ ತೆಗೆದದ್ದು. ಲೊಕೇಶನ್ ಸಿಗದಿದ್ದರೆ ಇಂಟರ್ನೆಟ್ ವಿಳಾಸ ನೋಡಿ ಊರು ಊಹಿಸುತ್ತಾರೆ. ಮೊಬೈಲ್ ಡೇಟಾದಲ್ಲಿ ಆ ವಿಳಾಸ ತೋರಿಸುವುದು ಕಂಪನಿಯ ಜಾಲ ಇಂಟರ್ನೆಟ್ಟಿಗೆ ಸೇರುವ ಊರನ್ನು. ಫೋನ್ ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಇನ್‌ಕಾಗ್ನಿಟೊ ತೆರೆದು ನೋಡಿದೆ. ಬೆಂಗಳೂರೇ. ಅದು ಲಾಗಿನ್ ಮತ್ತು ಹಳೆಯ ಕುಕಿಗಳನ್ನು ಬದಿಗಿಡುತ್ತದೆ, ವಿಳಾಸವನ್ನು ಅಲ್ಲ.

ಲೊಕೇಶನ್ ಆನ್ ಮಾಡಿ, ಬ್ರೌಸರಿಗೆ ಅನುಮತಿ ಕೊಟ್ಟು, ಮತ್ತೆ ಹುಡುಕಿದೆ. ಈಗ ಕೇರಳದ ಪುಟಗಳು ಮೇಲೆ ಬಂದವು. ಆದರೂ ನನ್ನ ಮೂರನೆಯ ಸಾಲಿನಲ್ಲಿ ಕರ್ನಾಟಕದ ಒಂದು ಜಾಲತಾಣ ಕೂತಿತ್ತು, ಅಕ್ಕನದರಲ್ಲಿ ಅದು ಎಲ್ಲೋ ಕೆಳಗೆ. ವ್ಯಾಕರಣದ ಅಭ್ಯಾಸಹಾಳೆಗೆ ನಾನು ಮತ್ತೆ ಮತ್ತೆ ಹೋಗುವ ತಾಣ ಅದು. ಪುಟದ ಕೆಳಗೆ ‘Try without personalization’ ಅಂತ ಇತ್ತು. ಒತ್ತಿದಾಗ ಆ ತಾಣ ಇಳಿಯಿತು. ಅಂದರೆ ಊರಿನ ಪಾಲು ದೊಡ್ಡದು, ನನ್ನ ಹಳೆಯ ಹುಡುಕಾಟಗಳ ಪಾಲು ಸಣ್ಣದು; ಕನಿಷ್ಠ ಈ ಒಂದು ಪ್ರಶ್ನೆಯ ಮಟ್ಟಿಗೆ.

ಇಷ್ಟಾದ ಮೇಲೂ ಎರಡು ಪಟ್ಟಿ ಅಕ್ಷರಶಃ ಒಂದೇ ಆಗಲಿಲ್ಲ. ಅದನ್ನು ನಾನು ಬೆನ್ನಟ್ಟಲಿಲ್ಲ. ಈಗ ಮಕ್ಕಳಿಗೆ ಪ್ರಶ್ನೆಯಲ್ಲೇ ‘Kerala’ ಸೇರಿಸಿ ಹುಡುಕಲು, ಪಿಡಿಎಫ್ ಇಳಿಸುವ ಮೊದಲು ತಲೆಬರಹದಲ್ಲಿ ಯಾವ ರಾಜ್ಯದ ಹೆಸರಿದೆ ನೋಡಲು ಹೇಳುತ್ತೇನೆ. ಲೊಕೇಶನ್ ಮಾತ್ರ ನಾನು ಮತ್ತೆ ಆಫ್ ಮಾಡಿಟ್ಟಿದ್ದೇನೆ.